ಮಂಗಳೂರಿನ ಚಳಿಗೆ ಹನ್ನೆರಡನೇ ಪ್ಯಾನೆಲ್ ಯಾಕೆ ಹೆಚ್ಚಾಗುತ್ತದೆ?

'ಇಲ್ಲಿ ಎಂಥ ಚಳಿ ಮಾರಾಯ್ರೆ?' ಸೋಲಾರ್ ಸ್ಟ್ರಿಂಗಿನ, ಅಂದರೆ ಸರಣಿಯಲ್ಲಿ ಕಟ್ಟಿದ ಪ್ಯಾನೆಲುಗಳ ಸಾಲಿನ, ಲೆಕ್ಕಕ್ಕೆ ಚಳಿಗಾಲದ ತಾಪಮಾನ ಕೇಳಿದರೆ ಮಂಗಳೂರು, ಉಡುಪಿಯ ಕಡೆ ಮೊದಲು ಬರುವ ಮಾತು ಇದು. ಮಾತಿನಲ್ಲಿ ಸುಳ್ಳಿಲ್ಲ. ಜನವರಿಯಲ್ಲೂ ಮಧ್ಯಾಹ್ನ ಫ್ಯಾನ್ ಬೇಕು, ಸ್ವೆಟರ್ ಕಪಾಟಿನಿಂದ ಹೊರಬರುವುದಿಲ್ಲ. ಆದರೆ ಪ್ಯಾನೆಲಿಗೆ ಚಳಿ ಶುರುವಾಗುವುದು ನಮಗೆ ಶುರುವಾಗುವ ಕಡೆಯಲ್ಲಿ ಅಲ್ಲ. ಅದರ ಲೆಕ್ಕದಲ್ಲಿ 25 ಡಿಗ್ರಿಗಿಂತ ಕೆಳಗೆ ಇಳಿದದ್ದೆಲ್ಲ ಚಳಿಯೇ. ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 20ರ ಆಸುಪಾಸು ಇರುತ್ತದೆ, ಒಂದೊಂದು ದಿನ ಅದಕ್ಕೂ ಮೂರು ನಾಲ್ಕು ಡಿಗ್ರಿ ಕೆಳಗೆ ಹೋಗುತ್ತದೆ.

ಪ್ಯಾನೆಲಿನ ಡೇಟಾಶೀಟಿನಲ್ಲಿ ಕೊಟ್ಟಿರುವ ಓಪನ್ ಸರ್ಕ್ಯೂಟ್ ವೋಲ್ಟೇಜ್, ಅಂದರೆ ತಂತಿಯ ತುದಿಗೆ ಯಾವ ಲೋಡೂ ಇಲ್ಲದಾಗ ಸಿಗುವ ವೋಲ್ಟೇಜ್, ಸೆಲ್ 25 ಡಿಗ್ರಿಯಲ್ಲಿದ್ದಾಗಿನದು. ಬಿಸಿಲು ಚದರ ಮೀಟರಿಗೆ 1000 ವಾಟ್ ಇದ್ದಾಗಿನದು. ಸೆಲ್ ತಣ್ಣಗಾದಂತೆ ಈ ವೋಲ್ಟೇಜ್ ಏರುತ್ತದೆ. ಕಾರಣ ಸಿಲಿಕಾನಿನ ಒಳಗೇ ಇದೆ. ಬಿಸಿಲು ಹುಟ್ಟಿಸಿದ ಕರೆಂಟಿಗೆ ಹೊರಗೆ ಹೋಗಲು ದಾರಿ ಇಲ್ಲದಾಗ ಅದು ಸೆಲ್ಲಿನ ಜಂಕ್ಷನ್ನಿನ ಮೂಲಕವೇ ಹಿಂದಕ್ಕೆ ಸೋರುತ್ತದೆ. ಹುಟ್ಟಿದ್ದು, ಸೋರಿದ್ದು ಎರಡೂ ಸಮವಾಗುವ ಮಟ್ಟವೇ ಓಪನ್ ಸರ್ಕ್ಯೂಟ್ ವೋಲ್ಟೇಜ್. ಬಿಸಿಯಾದ ಸಿಲಿಕಾನಿನಲ್ಲಿ ಸೋರಿಕೆ ಸುಲಭ, ಹಾಗಾಗಿ ಕಡಿಮೆ ವೋಲ್ಟೇಜಿನಲ್ಲೇ ಸಮವಾಗಿಬಿಡುತ್ತದೆ. ತಣ್ಣಗಿದ್ದರೆ ಸೋರಿಕೆ ಬಿಗಿಯಾಗುತ್ತದೆ, ಅದೇ ಕರೆಂಟನ್ನು ಹಿಂದಕ್ಕೆ ಸೋರಿಸಲು ವೋಲ್ಟೇಜ್ ಇನ್ನಷ್ಟು ಮೇಲೆ ಹೋಗಬೇಕಾಗುತ್ತದೆ. ಒಂದು ಸೆಲ್ಲಿನ ಮಟ್ಟದಲ್ಲಿ ಇದು ಡಿಗ್ರಿಗೆ ಎರಡು ಮಿಲಿವೋಲ್ಟಿನಷ್ಟು. ಏನೂ ಅಲ್ಲ ಅನ್ನಿಸಬಹುದು. ಆದರೆ ಒಂದು ಪ್ಯಾನೆಲಿನಲ್ಲಿ ಇಂಥ 72 ಮೆಟ್ಟಿಲುಗಳು ಸರಣಿಯಲ್ಲಿವೆ, ಒಂದು ಸ್ಟ್ರಿಂಗಿನಲ್ಲಿ ಹತ್ತು ಹನ್ನೆರಡು ಪ್ಯಾನೆಲ್.

ಒಂದು ಮನೆಯ ಲೆಕ್ಕವನ್ನೇ ಹಿಡಿಯೋಣ. ತಾರಸಿಯ ಮೇಲೆ 545 ವಾಟಿನ 12 ಪ್ಯಾನೆಲ್ ಕೂರುವಷ್ಟು ಜಾಗ. ಡೇಟಾಶೀಟಿನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5, ಅದರ ತಾಪಮಾನ ಗುಣಾಂಕ ಡಿಗ್ರಿಗೆ ಮೈನಸ್ 0.27 ಪರ್ಸೆಂಟ್. ಇನ್ವರ್ಟರ್ 5 ಕಿಲೋವಾಟಿನ ಸಿಂಗಲ್ ಫೇಸ್, ಗರಿಷ್ಠ ಡಿಸಿ ಇನ್‌ಪುಟ್ 600 ವೋಲ್ಟ್. ಹನ್ನೆರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿದರೆ 12 × 49.5 = 594 ವೋಲ್ಟ್. 600ರ ಒಳಗೆ ಬಂತು, ಆಯಿತಲ್ಲ ಎಂದು ಕೆಲಸ ಮುಗಿಸಿದ ಸೈಟುಗಳು ಕಡಿಮೆಯಲ್ಲ.

ಈಗ ತಿದ್ದುಪಡಿ:

```
Voc(T) = Voc(25) × [1 + β × (T − 25) / 100]

T = 15, β = −0.27
Voc(15) = 49.5 × [1 + (−0.27 × −10) / 100]
        = 49.5 × 1.027 = 50.84 V

12 × 50.84 = 610 V
11 × 50.84 = 559 V
```

15 ಡಿಗ್ರಿಗೆ ಹನ್ನೆರಡರ ಸ್ಟ್ರಿಂಗ್ 610 ವೋಲ್ಟ್ ಆಯಿತು, ಇನ್ವರ್ಟರಿನ ಮಿತಿ ದಾಟಿತು. ಇನ್ನೊಂದು ದಿಕ್ಕಿನಿಂದ ನೋಡಿ. ಈ ಸ್ಟ್ರಿಂಗ್ ಡಿಗ್ರಿಗೆ 1.6 ವೋಲ್ಟ್ ಏರುತ್ತದೆ. 594ರಿಂದ 600ಕ್ಕೆ ಇರುವ ಆರು ವೋಲ್ಟ್ ಕರಗಲು ನಾಲ್ಕು ಡಿಗ್ರಿ ಸಾಕು. ಅಂದರೆ ಸೆಲ್ 21 ಡಿಗ್ರಿಗೆ ಬಂದರೆ ಲೆಕ್ಕದ ಪ್ರಕಾರ ಮಿತಿ ಮೀರಿತು. ಅದು ಮಂಗಳೂರಿನ ದಾಖಲೆ ಚಳಿಯಲ್ಲ, ಜನವರಿಯ ಯಾವುದೇ ಒಂದು ಬೆಳಗು.

15 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯ. ಪಣಂಬೂರು ಮತ್ತು ಬಜ್ಪೆಯಲ್ಲಿ ಹವಾಮಾನ ಇಲಾಖೆಯ ಕೇಂದ್ರಗಳಿವೆ, ಕರಾವಳಿಯ ಸೈಟಿಗೆ ಕನಿಷ್ಠ ತಾಪಮಾನ ನೋಡಬೇಕಾದ್ದು ಅಲ್ಲಿ. ಮೊಬೈಲಿನ ಹವಾಮಾನ ಆ್ಯಪಿನಲ್ಲಿ ಕಾಣುವ ತಿಂಗಳ ಸರಾಸರಿ ಇದಕ್ಕೆ ಆಗುವುದಿಲ್ಲ. ಬೇಕಾದ್ದು ಹಲವು ವರ್ಷಗಳಲ್ಲಿ ಬಂದ ಅತಿ ತಣ್ಣನೆಯ ಬೆಳಗು. ಅದರಿಂದ ಇನ್ನೂ ಒಂದೆರಡು ಡಿಗ್ರಿ ಇಳಿಸುವುದಕ್ಕೆ ಕಾರಣ ಇದೆ. ಮೋಡವಿಲ್ಲದ ರಾತ್ರಿ ಪ್ಯಾನೆಲಿನ ಗಾಜು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಜನವರಿಯ ಬೆಳಿಗ್ಗೆ ತಾರಸಿ ಹತ್ತಿ ನೋಡಿದರೆ ಗಾಜಿನ ಮೇಲೆ ಇಬ್ಬನಿ ಕಟ್ಟಿ ಕೆಳಗಿನ ಫ್ರೇಮಿನ ಅಂಚಿನಿಂದ ತೊಟ್ಟಿಕ್ಕುತ್ತಿರುತ್ತದಲ್ಲ, ಅದೇ ಸಾಕ್ಷಿ. ಗಾಜು ಗಾಳಿಗಿಂತ ತಣ್ಣಗಿಲ್ಲದಿದ್ದರೆ ಅಷ್ಟು ಇಬ್ಬನಿ ಕೂರುವುದಿಲ್ಲ. ಕರಾವಳಿಯ ಪಟ್ಟಿಗೆ 15 ಎಂದು ಹಿಡಿದರೆ ಇದೆಲ್ಲ ಅದರೊಳಗೆ ಬರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸರಿಯಾದದ್ದೇ. ಬೆಳಗಿನ ಜಾವ ತಣ್ಣಗಿರುವುದು ಹೌದು, ಆದರೆ ಆಗ ಬಿಸಿಲೇ ಇಲ್ಲವಲ್ಲ? ನಿಜ. ಬಿಸಿಲು ಹತ್ತನೇ ಒಂದು ಭಾಗಕ್ಕೆ ಇಳಿದರೆ ನಮ್ಮ ಹನ್ನೆರಡರ ಸ್ಟ್ರಿಂಗಿನಲ್ಲಿ ಸುಮಾರು 50 ವೋಲ್ಟ್ ಕಡಿಮೆಯಾಗುತ್ತದೆ. ಸೂರ್ಯ ಏರಿ ಬಿಸಿಲು ಬಲಿಯುವ ಹೊತ್ತಿಗೆ ಸೆಲ್ಲೂ ಬಿಸಿಯಾಗಿರುತ್ತದೆ. ಹಾಗಾಗಿ ತಿಳಿಯಾದ ಬೆಳಗಿನಲ್ಲಿ ಲೆಕ್ಕದ 610 ಮೀಟರಿನಲ್ಲಿ ಕಾಣದೇ ಹೋಗಬಹುದು. ಬರೀ ಇಷ್ಟೇ ಆಗಿದ್ದರೆ ಈ ಲೆಕ್ಕ ಸ್ವಲ್ಪ ಅತಿ ಎಚ್ಚರಿಕೆಯದು ಎನ್ನಬಹುದಿತ್ತು.

ಆದರೆ ಕರಾವಳಿಯಲ್ಲಿ ತಣ್ಣನೆಯ ಸೆಲ್ಲೂ ಪೂರ್ತಿ ಬಿಸಿಲೂ ಒಟ್ಟಿಗೆ ಸಿಗುವ ಹೊತ್ತು ಬೇರೆಯೇ ಇದೆ, ಮಳೆಗಾಲದ್ದು. ಆಗಸ್ಟಿನ ಒಂದು ಮಧ್ಯಾಹ್ನ, ಎರಡು ಗಂಟೆ ಜಡಿಮಳೆ ಸುರಿದು ಪ್ಯಾನೆಲ್ ನೀರಿನಷ್ಟೇ ತಣ್ಣಗಾಗಿದೆ, 24 ಡಿಗ್ರಿ ಅಂತಿಟ್ಟುಕೊಳ್ಳಿ. ಮೋಡ ಒಮ್ಮೆಲೇ ಸೀಳಿ ಬಿಸಿಲು ಬೀಳುತ್ತದೆ. ವೋಲ್ಟೇಜ್ ಏರಲು ಬೆಳಕು ಬಿದ್ದರೆ ಸಾಕು, ಕಾಯುವುದಿಲ್ಲ. ಸೆಲ್ ಬಿಸಿಯಾಗಲು ಮಾತ್ರ ಹಲವು ನಿಮಿಷ ಬೇಕು. ಮೋಡದ ಅಂಚಿನಿಂದ ಚೆದುರಿದ ಬೆಳಕೂ ಸೇರಿ ಆ ಕೆಲವು ಕ್ಷಣ ಬಿಸಿಲು 1000ವನ್ನು ಮೀರಿ 1200ರ ತನಕ ಹೋಗುವುದುಂಟು. ಲೆಕ್ಕ ಹಾಕಿದರೆ: 24 ಡಿಗ್ರಿಗೆ 595.6, ಹೆಚ್ಚಿನ ಬೆಳಕಿಗೆ ಇನ್ನೊಂದು ನಾಲ್ಕು ವೋಲ್ಟ್. ಒಟ್ಟು 599.6. ಮಿತಿಯ ಗೆರೆಯ ಮೇಲೆ ಕೂತಂತೆ. ಡೇಟಾಶೀಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜಿಗೆ 3 ಪರ್ಸೆಂಟ್ ಆಚೀಚೆ ಇರಬಹುದು ಎಂದು ಬರೆದಿರುವುದು ಸಾಮಾನ್ಯ. ಪ್ಯಾನೆಲುಗಳು ಒಂದು ಪರ್ಸೆಂಟ್ ಹೆಚ್ಚಿನ ಕಡೆಗಿದ್ದರೂ ಗೆರೆ ದಾಟಿತು.

ಇನ್ವರ್ಟರ್ ಓಡುತ್ತಿರುವಾಗ ಸ್ಟ್ರಿಂಗ್ ಈ ಎತ್ತರದಲ್ಲಿ ಇರುವುದಿಲ್ಲ ಎಂಬುದೂ ಗೊತ್ತಿರಲಿ. ಇನ್ವರ್ಟರಿನೊಳಗಿನ ಎಂಪಿಪಿಟಿ ಅದನ್ನು ಹೆಚ್ಚು ಪವರ್ ಸಿಗುವ ಬಿಂದುವಿಗೆ ಎಳೆದಿಟ್ಟಿರುತ್ತದೆ, ನಮ್ಮ ಪ್ಯಾನೆಲಿಗೆ ಅದು 41.5 ವೋಲ್ಟ್. ಹನ್ನೆರಡಕ್ಕೆ 498. ಆದರೆ ಲೈನಿನ ಕರೆಂಟ್ ಹೋದರೆ ಗ್ರಿಡ್‌ಗೆ ಕಟ್ಟಿದ ಇನ್ವರ್ಟರ್ ಆ ಕ್ಷಣವೇ ಕೈಬಿಡುತ್ತದೆ, ಸ್ಟ್ರಿಂಗ್ 498ರಿಂದ ಒಂದೇ ನೆಗೆತಕ್ಕೆ ಓಪನ್ ಸರ್ಕ್ಯೂಟಿಗೆ ಹೋಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ತೆಂಗಿನ ಗರಿ ಲೈನಿನ ಮೇಲೆ ಬಿದ್ದ ಮಧ್ಯಾಹ್ನವೇ ಮೋಡವೂ ಸೀಳಬಹುದು.

ಮಿತಿ ದಾಟಿದರೆ ಏನಾಗುತ್ತದೆ? ಹತ್ತು ವೋಲ್ಟ್ ಹೆಚ್ಚಾದ ಕೂಡಲೇ ಇನ್ವರ್ಟರ್ ಹೊಗೆ ಉಗುಳುವುದಿಲ್ಲ, ಅದಕ್ಕೇ ಈ ತಪ್ಪು ಇಷ್ಟು ಕಾಲ ಅಡಗಿ ಕೂರುತ್ತದೆ. ಮೊದಲಿಗೆ ಪರದೆಯ ಮೇಲೆ ಪಿವಿ ಓವರ್‌ವೋಲ್ಟೇಜ್ ಎಂಬ ದೋಷ ಬಂದು ಹೋಗುತ್ತದೆ. ಇನ್ವರ್ಟರ್ ಶುರುವಾಗದೆ ಕಾದು, ಪ್ಯಾನೆಲ್ ಬಿಸಿಯಾದ ಮೇಲೆ ತಾನೇ ಸರಿಹೋಗುತ್ತದೆ. ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಒಳಗೆ ಡಿಸಿ ಬಸ್ಸಿನ ಕೆಪಾಸಿಟರುಗಳು ಮತ್ತು ಸ್ವಿಚಿಂಗ್ ಟ್ರಾನ್ಸಿಸ್ಟರುಗಳು ತಮ್ಮ ವೋಲ್ಟೇಜ್ ಅಂಚಿನಲ್ಲಿ ದುಡಿಯುತ್ತಿರುತ್ತವೆ. ಎಂದೋ ಒಂದು ದಿನ ಅವು ಹೋದಾಗ ಕಂಪನಿಯವರು ಮೊದಲು ತೆಗೆಯುವುದು ಲಾಗ್. ದೋಷದ ಸಮಯ, ಆಗಿನ ಡಿಸಿ ವೋಲ್ಟೇಜ್ ಅಲ್ಲಿ ಉಳಿದಿದ್ದರೆ ವಾರಂಟಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಗರಿಷ್ಠ ಇನ್‌ಪುಟ್ ವೋಲ್ಟೇಜಿಗೆ 'ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ' ಎಂಬ ರಿಯಾಯಿತಿ ಇಲ್ಲ. ಇನ್ವರ್ಟರಿನ ರೇಟಿಂಗಿಗಿಂತ ಹೆಚ್ಚು ವಾಟಿನ ಪ್ಯಾನೆಲ್ ಹಾಕಿದರೆ ಇನ್ವರ್ಟರ್ ಹೆಚ್ಚಿನದನ್ನು ಬಿಟ್ಟುಬಿಡುತ್ತದೆ, ವೋಲ್ಟೇಜನ್ನು ಹಾಗೆ ಬಿಡಲು ಅದರ ಕೈಯಲ್ಲಿ ಆಗುವುದಿಲ್ಲ.

ಪ್ಯಾನೆಲಿಗೂ ಇನ್ವರ್ಟರಿಗೂ ನಡುವೆ ಕೂರುವ ಪೆಟ್ಟಿಗೆ, ಅಂದರೆ ಡಿಸಿ ಡಿಬಿಯ ಒಳಗೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಅರೆಸ್ಟರನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. 600 ವೋಲ್ಟ್ ಡಿಸಿಯ ಅರೆಸ್ಟರಿಗೆ 610 ಬಂದರೆ ಅದರ ವೇರಿಸ್ಟರ್ ಮೆಲ್ಲಗೆ ಸೋರಲು ಶುರುವಾಗಿ, ಬಿಸಿಯಾಗಿ, ಸಿಡಿಲು ಬರುವ ಮೊದಲೇ ಹಳತಾಗುತ್ತದೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಅದು ಬೇಕಾಗಿರುವಾಗ ಅದರ ಕಿಟಕಿ ಕೆಂಪಾಗಿರುತ್ತದೆ. ತಿದ್ದಿದ ವೋಲ್ಟೇಜಿಗಿಂತ ಮೇಲಿನ ರೇಟಿಂಗ್ ನೋಡಿ ಹಾಕಿ. ಐಸೊಲೇಟರಿಗೂ ಫ್ಯೂಸಿಗೂ ಇದೇ ಮಾತು.

ಹಾಗಾದರೆ ಹನ್ನೆರಡನೇ ಪ್ಯಾನೆಲನ್ನು ಏನು ಮಾಡುವುದು? ಹನ್ನೊಂದಕ್ಕೆ ಇಳಿಸಿದರೆ ತಣ್ಣನೆಯ ಬೆಳಗಿಗೆ 559 ವೋಲ್ಟ್, 3 ಪರ್ಸೆಂಟ್ ಸೇರಿಸಿದರೂ 576. ಇದು ನೆಮ್ಮದಿಯ ಅಂತರ. ಆದರೆ ಜಾಗ ಇದೆ, ಪ್ಯಾನೆಲೂ ಬಂದಿದೆ ಅಂದರೆ ಬಿಸಾಡಬೇಕಾಗಿಲ್ಲ. 5 ಕಿಲೋವಾಟಿನ ಬಹುತೇಕ ಇನ್ವರ್ಟರುಗಳಲ್ಲಿ ಎರಡು ಎಂಪಿಪಿಟಿ ಇರುತ್ತವೆ. ಆರು ಆರರ ಎರಡು ಸ್ಟ್ರಿಂಗ್ ಮಾಡಿ ಒಂದೊಂದಕ್ಕೆ ಒಂದೊಂದು ಕೊಟ್ಟರೆ 15 ಡಿಗ್ರಿಗೂ 305 ವೋಲ್ಟ್ ಮಾತ್ರ. ತೆಂಗಿನ ಮರದ ನೆರಳು ಒಂದು ಬದಿಗೆ ಬೀಳುವ ನಮ್ಮ ತಾರಸಿಗಳಿಗೆ ಹೇಗೂ ಇದೇ ಒಳ್ಳೆಯದು. ಎಂಪಿಪಿಟಿ ಒಂದೇ ಇದ್ದು ಎರಡನ್ನೂ ಪ್ಯಾರಲಲ್ ಮಾಡುವುದಾದರೆ ಕರೆಂಟ್ ಇಮ್ಮಡಿಯಾಗುತ್ತದೆ, ಅದನ್ನು ಇನ್ವರ್ಟರ್ ತಾಳುತ್ತದೆಯೇ ಎಂದು ಆ ಸಾಲನ್ನೂ ಓದಬೇಕು.

ಬಿಸಿಯ ಕಡೆಯ ಲೆಕ್ಕ ಇಲ್ಲಿ ತೊಂದರೆ ಕೊಡುವುದಿಲ್ಲ. ಏಪ್ರಿಲಿನಲ್ಲಿ ತಗಡು ಶೀಟಿನ ಮೇಲೆ ಸೆಲ್ 70 ಡಿಗ್ರಿಗೆ ಹೋದರೆ ಓಡುವ ವೋಲ್ಟೇಜ್ ಪ್ಯಾನೆಲಿಗೆ ಸುಮಾರು 35ಕ್ಕೆ ಇಳಿಯುತ್ತದೆ, ಆರಕ್ಕೆ 210. ಇನ್ವರ್ಟರಿನ ಎಂಪಿಪಿಟಿ ಕೆಳಮಿತಿ ಇದಕ್ಕಿಂತ ಕೆಳಗಿದ್ದರೆ ಸಾಕು.

ಇನ್ನು ಲೆಕ್ಕದಲ್ಲಿ ಜಾರುವ ಕಡೆಗಳು. ಡೇಟಾಶೀಟಿನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜ್ ಎರಡು ಕಡೆ ಇರುತ್ತದೆ. ಒಂದು 25 ಡಿಗ್ರಿಯ STC ಎಂಬ ಕೋಷ್ಟಕದಲ್ಲಿ, ಇನ್ನೊಂದು NMOT ಅಥವಾ NOCT ಎಂಬ ಕೋಷ್ಟಕದಲ್ಲಿ. ಎರಡನೆಯದು ಬಿಸಿಯಾದ ಪ್ಯಾನೆಲಿನದು, ನಮ್ಮ ಉದಾಹರಣೆಗೆ 46.8 ಇದ್ದೀತು. ಅದನ್ನು ಎತ್ತಿಕೊಂಡು ಹನ್ನೆರಡರಿಂದಲೂ 1.027ರಿಂದಲೂ ಗುಣಿಸಿದರೆ 577 ಬರುತ್ತದೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ಇನ್ನೊಂದು ತಪ್ಪು ಮೈನಸ್ಸಿನದು. ಗುಣಾಂಕವೂ ಮೈನಸ್, 15ರಿಂದ 25 ಕಳೆದರೂ ಮೈನಸ್, ಎರಡೂ ಸೇರಿ ಪ್ಲಸ್ ಆಗಬೇಕು. ಒಂದನ್ನು ಮರೆತರೆ 594 ಏರುವ ಬದಲು 578ಕ್ಕೆ ಇಳಿಯುತ್ತದೆ. ತಮಾಷೆ ಎಂದರೆ ಈ ಎರಡೂ ತಪ್ಪು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ, ಹಾಗಾಗಿ ಒಬ್ಬ ಒಂದು ತಪ್ಪು ಮಾಡಿ ಇನ್ನೊಬ್ಬ ಇನ್ನೊಂದು ತಪ್ಪಿನಿಂದ ಪರಿಶೀಲಿಸಿದರೆ ಇಬ್ಬರಿಗೂ ತಾಳೆಯಾಗುತ್ತದೆ! ಚಳಿಗೆ ತಿದ್ದಿದ ಅಂಕಿ STC ಅಂಕಿಗಿಂತ ಕಡಿಮೆ ಬಂದರೆ ಎಲ್ಲೋ ಎಡವಿದ್ದೀರಿ ಎಂದೇ ಅರ್ಥ. ಗುಣಾಂಕಗಳೂ ಮೂರಿರುತ್ತವೆ, ಪವರಿನದು, ವೋಲ್ಟೇಜಿನದು, ಕರೆಂಟಿನದು. ಬೇಕಾದ್ದು ವೋಲ್ಟೇಜಿನದು. ಪ್ಯಾನೆಲಿನ ಹಿಂದಿನ ಲೇಬಲ್ಲಿನಲ್ಲಿ ಕಾಣುವ 1500 ವೋಲ್ಟ್ ಪ್ಯಾನೆಲಿನ ಇನ್ಸುಲೇಶನ್ ತಾಳುವ ಮಿತಿ, ಇನ್ವರ್ಟರಿಗೂ ಅದಕ್ಕೂ ಸಂಬಂಧವಿಲ್ಲ.

ಗುಣಾಂಕವೇ ಸಿಗದ ಹಳೆಯ ಪ್ಯಾನೆಲಾದರೆ ಅಮೆರಿಕದ ವಿದ್ಯುತ್ ಸಂಹಿತೆಯ ಕೋಷ್ಟಕ ಕೈಗೆ ಬರುತ್ತದೆ. ಸ್ಫಟಿಕ ಸಿಲಿಕಾನಿಗೆ 15ರಿಂದ 19 ಡಿಗ್ರಿಯ ಮನೆಯಲ್ಲಿ 1.04 ಎಂದಿದೆ, 5ರಿಂದ 9ರ ಮನೆಯಲ್ಲಿ 1.08. ಡೇಟಾಶೀಟಿನ ಲೆಕ್ಕಕ್ಕಿಂತ ಇದು ಬಿಗಿ, ಗುಣಾಂಕ ಇದ್ದರೆ ಅದನ್ನೇ ಬಳಸುವುದು ಮೇಲು.

ಕಟ್ಟಿ ಮುಗಿದ ಸ್ಟ್ರಿಂಗನ್ನು ಪರೀಕ್ಷಿಸುವಾಗಲೂ ಒಂದು ಬಲೆ ಇದೆ. ಕೆಲಸದವರು ಮೀಟರ್ ಹಿಡಿಯುವುದು ಸಾಮಾನ್ಯವಾಗಿ ಹನ್ನೊಂದು ಗಂಟೆಯ ಮೇಲೆ. ಆಗ ಸೆಲ್ 55 ಡಿಗ್ರಿ. ಹನ್ನೆರಡರ ಸ್ಟ್ರಿಂಗ್ 546 ವೋಲ್ಟ್ ತೋರಿಸುತ್ತದೆ, 600ಕ್ಕೆ ಇನ್ನೂ 54 ಬಾಕಿ ಇದೆ ಎಂದು ಎಲ್ಲರಿಗೂ ಸಮಾಧಾನ. ಆ ಓದಿನಿಂದ ಚಳಿಯ ಅಂಕಿಗೆ ಹೋಗುವುದು ಎರಡೇ ಹೆಜ್ಜೆ. ಐಆರ್ ಥರ್ಮಾಮೀಟರಿನಲ್ಲಿ ಪ್ಯಾನೆಲಿನ ಹಿಂಬದಿಯ ತಾಪಮಾನ ನೋಡಿ, ಗಾಜಿನದಲ್ಲ. ಸೆಲ್ ಅದಕ್ಕಿಂತ ಎರಡು ಮೂರು ಡಿಗ್ರಿ ಹೆಚ್ಚು. 52 ಸಿಕ್ಕಿದರೆ ಸೆಲ್ 55. 25ಕ್ಕಿಂತ 30 ಡಿಗ್ರಿ ಹೆಚ್ಚು, 8.1 ಪರ್ಸೆಂಟ್ ಕಡಿಮೆ, ಹಾಗಾಗಿ 546ನ್ನು 0.919ರಿಂದ ಭಾಗಿಸಿದರೆ 594. ಅದನ್ನು 1.027ರಿಂದ ಗುಣಿಸಿದರೆ 610. ಈ ಓದು ಬಿಸಿಲು ಚೆನ್ನಾಗಿರುವಾಗಿನದ್ದಾಗಿರಬೇಕು, ಮೋಡದ ನಡುವೆ ತೆಗೆದದ್ದು ಬೇಡ. ಮೀಟರ್ 1000 ವೋಲ್ಟ್ ಡಿಸಿ ಅಳೆಯುವಂಥದ್ದು, ಡಿಸಿ ಐಸೊಲೇಟರ್ ಆಫ್ ಮಾಡಿದ ಮೇಲೆಯೇ ಎಂಸಿ4 ಕನೆಕ್ಟರ್ ಬಿಡಿಸುವುದು. ಲೋಡಿನಲ್ಲಿರುವಾಗ ಎಳೆದರೆ ಡಿಸಿ ಆರ್ಕ್ ಆರುವುದಿಲ್ಲ.

ಕರಾವಳಿಯ ತಂಡಗಳಿಗೆ ದೊಡ್ಡ ಪೆಟ್ಟು ಬೀಳುವುದು ಚಾರ್ಮಾಡಿ ಹತ್ತಿದ ಮೇಲೆ. ಮಂಗಳೂರಿನ ಗೋದಾಮೊಂದಕ್ಕೆ ತ್ರೀ ಫೇಸ್ ಇನ್ವರ್ಟರ್, ಮಿತಿ 1100 ವೋಲ್ಟ್, ಅದೇ ಪ್ಯಾನೆಲ್, ಸ್ಟ್ರಿಂಗಿಗೆ 21. ತಿದ್ದಿದ ವೋಲ್ಟೇಜ್ 15 ಡಿಗ್ರಿಗೆ 1068, ಇದು ಸರಿಯಾದ ವಿನ್ಯಾಸವೇ. ಅದೇ ನಕ್ಷೆಯನ್ನು ಮೂಡಿಗೆರೆ ಕಡೆಯ ಕಾಫಿ ಕಣದ ಶೆಡ್ಡಿಗೆ ಹಾಗೇ ಒಯ್ದರೆ? ಘಟ್ಟದ ಮೇಲೆ ತೋಟದ ತಗ್ಗುಗಳಲ್ಲಿ ಚಳಿಗಾಲದ ಬೆಳಗು ಹತ್ತು ಡಿಗ್ರಿಯ ಕೆಳಗೆ ಇಳಿಯುವುದುಂಟು. ಬೆಂಗಳೂರಿನಲ್ಲೇ 1884ರ ಜನವರಿಯಲ್ಲಿ 7.8 ಡಿಗ್ರಿ ದಾಖಲಾಗಿದೆ. ವಿನ್ಯಾಸಕ್ಕೆ 6 ಎಂದು ಹಿಡಿದರೆ ಪ್ಯಾನೆಲಿಗೆ 52.04 ವೋಲ್ಟ್, 21ಕ್ಕೆ 1093. ಉಳಿದದ್ದು ಏಳು ವೋಲ್ಟ್. ಪ್ಯಾನೆಲುಗಳು ಒಂದು ಪರ್ಸೆಂಟ್ ಹೆಚ್ಚಿನವಾದರೆ ಹನ್ನೊಂದು ವೋಲ್ಟ್ ಬೇಕು. ಇಲ್ಲಿ ಸರಿಯಾದ ಸಂಖ್ಯೆ 20, ಅದಕ್ಕೆ 1041, 3 ಪರ್ಸೆಂಟ್ ಸೇರಿದರೂ 1072. ಜತೆಗೆ ಒಂದು ಸೂಕ್ಷ್ಮ ಇದೆ. 1100 ಮಿತಿಯ ಎಷ್ಟೋ ಇನ್ವರ್ಟರುಗಳು 1000 ವೋಲ್ಟಿನ ಮೇಲೆ ಹಾಳಾಗುವುದಿಲ್ಲ, ಆದರೆ ಓಡುವುದೂ ಇಲ್ಲ. ಘಟ್ಟದ ಮೇಲಿನ ಶೆಡ್ಡಿನಲ್ಲಿ ಚಳಿಗಾಲದ ಬೆಳಿಗ್ಗೆ ಇನ್ವರ್ಟರ್ ತಡವಾಗಿ ಏಳುತ್ತಿದೆ, ಮಧ್ಯಾಹ್ನ ಕರೆಂಟ್ ಹೋಗಿ ಬಂದರೆ ಬೇಗ ಏಳುತ್ತದೆ ಎಂಬ ದೂರು ಬಂದರೆ ಗ್ರಿಡ್ಡಿನ ದೋಷ ಹುಡುಕುವ ಮೊದಲು ಬೆಳಗಿನ ಡಿಸಿ ವೋಲ್ಟೇಜ್ ನೋಡಿ.

ಡಿಸಿ ಡಿಬಿಯ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿಡಿ: ಸ್ಟ್ರಿಂಗಿಗೆ ಎಷ್ಟು ಪ್ಯಾನೆಲ್, ಹಿಡಿದ ಕನಿಷ್ಠ ತಾಪಮಾನ, ತಿದ್ದಿದ ವೋಲ್ಟೇಜ್. ನಾಲ್ಕು ವರ್ಷದ ಮೇಲೆ ತೆಂಗಿನಕಾಯಿ ಬಿದ್ದು ಒಂದು ಪ್ಯಾನೆಲ್ ಒಡೆಯುತ್ತದೆ, ಅಷ್ಟೊತ್ತಿಗೆ ಹಳೆಯ ಮಾದರಿ ಸಿಗುವುದಿಲ್ಲ, 52.3 ವೋಲ್ಟಿನ ಹೊಸದು ಬರುತ್ತದೆ. ಹನ್ನೊಂದರ ಸ್ಟ್ರಿಂಗಿನಲ್ಲಿ ಅದರಿಂದ 559 ಹೋಗಿ 562 ಆಗುತ್ತದೆ, ಚಿಂತೆಯಿಲ್ಲ. ಆದರೆ ಘಟ್ಟದ ಮೇಲಿನ 21ರ ಸ್ಟ್ರಿಂಗಿನಲ್ಲಿ ಉಳಿದಿದ್ದ ಏಳು ವೋಲ್ಟಿನಲ್ಲಿ ಮೂರು ಅಲ್ಲಿಗೇ ಹೋಯಿತು.